ಸೀಸನ್ ಮುಗಿಯಿತು ಅಂತ ಬಿಸಿನೆಸ್ ಅಕೌಂಟನ್ನು ಪರ್ಸನಲ್ ಮಾಡಿದರೆ ಏನೇನು ಹೋಗುತ್ತದೆ?

ಪ್ರಶ್ನೆ: ಸರ್, ನಮ್ಮದು ಶ್ರೀನಿವಾಸಪುರದ ಹತ್ತಿರ ಮಾವಿನ ತೋಟ. ಎರಡು ವರ್ಷದಿಂದ ಇನ್‌ಸ್ಟಾಗ್ರಾಂನಲ್ಲಿ ಬಿಸಿನೆಸ್ ಅಕೌಂಟ್ ಮಾಡ್ಕೊಂಡು ಹಣ್ಣಿನ ಬಾಕ್ಸ್ ಮಾರ್ತಾ ಇದೀವಿ. ಈಗ ಸೀಸನ್ ಮುಗೀತು. ಆದ್ರೂ ರಾತ್ರಿ ಹೊತ್ತು ಯಾರ್ಯಾರೋ ಫೋನ್ ಮಾಡ್ತಾರೆ. ರೀಲ್ಸ್‌ಗೆ ಹಾಡು ಹಾಕೋಣ ಅಂದ್ರೆ ಬೇಕಾದ ಹಾಡು ಸಿಗಲ್ಲ. ಮಾರ್ಚ್ ತನಕ ಪರ್ಸನಲ್ ಮಾಡಿ ಪ್ರೈವೇಟ್ ಇಟ್ಟು, ಆಮೇಲೆ ಕ್ರಿಯೇಟರ್ ಮಾಡೋಣ ಅಂತ ನನ್ನ ತಮ್ಮ ಹೇಳ್ತಾನೆ. ಹಾಗೆ ಮಾಡಿದ್ರೆ ಏನಾದ್ರೂ ಹೋಗುತ್ತಾ ಸರ್?

ಉತ್ತರ:

ಹೋಗುತ್ತದಮ್ಮ. ನಿಮ್ಮ ತಮ್ಮ ಹೇಳಿದ ದಾರಿಯಲ್ಲಿ ಹೋದರೆ ಎರಡು ವರ್ಷದ ಇನ್‌ಸೈಟ್ಸ್, ಅಂದರೆ ಯಾವ ಪೋಸ್ಟ್ ಎಷ್ಟು ಜನರಿಗೆ, ಎಂಥವರಿಗೆ ತಲುಪಿತು ಅನ್ನುವ ಲೆಕ್ಕ, ಅಳಿಸಿಹೋಗುತ್ತದೆ. ಆಮೇಲೆ ಕ್ರಿಯೇಟರ್ ಮಾಡಿ, ಬಿಸಿನೆಸ್ ಮಾಡಿ, ಅದು ವಾಪಸ್ ಬರುವುದಿಲ್ಲ. ಅದಕ್ಕೇ ಮೊದಲು ಹೇಳುತ್ತಿದ್ದೇನೆ, ಈ ಉತ್ತರ ಪೂರ್ತಿ ಓದುವ ತನಕ ಆ ಬಟನ್ ಮುಟ್ಟಬೇಡಿ. ಫೋನಿನ ಕಾಟಕ್ಕೂ ಹಾಡಿನ ತೊಂದರೆಗೂ ಪರ್ಸನಲ್ ಕಡೆ ಹೋಗದೆಯೇ ದಾರಿ ಇದೆ.

ನಿಮ್ಮ ತಮ್ಮನಿಗೆ ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಪರ್ಸನಲ್ ಕೆಳಗಿನ ಮೆಟ್ಟಿಲು, ಕ್ರಿಯೇಟರ್ ನಡುವಿನದು, ಬಿಸಿನೆಸ್ ಮೇಲಿನದು, ಇಳಿದು ಹತ್ತಬೇಕು ಅಂತಲೇ ತುಂಬಾ ಜನ ಅಂದುಕೊಂಡಿರುತ್ತಾರೆ. ನಿಜವಾಗಿ ಇರುವುದು ಎರಡೇ ಬಗೆ. ಒಂದು ಪರ್ಸನಲ್, ಇನ್ನೊಂದು ಪ್ರೊಫೆಷನಲ್. ಕ್ರಿಯೇಟರ್ ಮತ್ತು ಬಿಸಿನೆಸ್ ಎರಡೂ ಪ್ರೊಫೆಷನಲ್ ಒಳಗೇ ಬರುತ್ತವೆ, ಒಂದೇ ಮನೆಯ ಎರಡು ಕೋಣೆ ಇದ್ದ ಹಾಗೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗೋಕೆ ಬೀದಿಗೆ ಇಳಿಯಬೇಕಾಗಿಲ್ಲ. ಬಿಸಿನೆಸ್‌ನಿಂದ ನೇರವಾಗಿ ಕ್ರಿಯೇಟರ್‌ಗೆ ಹೋಗುವ ಬಟನ್ ಅಲ್ಲೇ ಇರುತ್ತದೆ.

ಚಿಕ್ಕಬಳ್ಳಾಪುರದಲ್ಲಿ ಬ್ಲೌಸ್ ಹೊಲಿಯುವ, ಆರಿ ವರ್ಕ್ ಮಾಡುವ ಒಬ್ಬ ಅಕ್ಕ ಇದ್ದಾರೆ. ಅವರ ಅಕೌಂಟನ್ನು ನಾನೇ ತುಮಕೂರಿನಿಂದ ನೋಡಿಕೊಳ್ಳುತ್ತಿದ್ದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ವಾರ ಇರುವಾಗ ಅವರಿಗೆ ಒಂದು ಸಿನಿಮಾ ಹಾಡಿಗೆ ರೀಲ್ ಮಾಡಬೇಕು ಅನ್ನಿಸಿತು. ಬಿಸಿನೆಸ್ ಅಕೌಂಟಿನಲ್ಲಿ ಹಾಡು ಸಿಗಲಿಲ್ಲ. ಯಾರೋ ಪರ್ಸನಲ್ ಮಾಡಿದರೆ ಸಿಗುತ್ತದೆ ಅಂದರಂತೆ. ಮಾಡಿಬಿಟ್ಟರು. ಎಚ್ಚರಿಕೆ ಹೇಳುವ ಚೌಕ ಒಂದು ಬಂತಂತೆ, ಇಂಗ್ಲಿಷಿನಲ್ಲಿತ್ತು, ಓದದೆ ಒತ್ತಿದರು. ಹಾಡು ಸಿಕ್ಕಿತು, ರೀಲ್ ಹಾಕಿದರು, ಎರಡು ದಿನ ಬಿಟ್ಟು ಮತ್ತೆ ಬಿಸಿನೆಸ್ ಮಾಡಿದರು. ಆಮೇಲೆ ನನಗೆ ಫೋನ್. "ಹೋದ ವರ್ಷ ಹಬ್ಬಕ್ಕೆ ಯಾವ ಡಿಸೈನ್ ರೀಲ್‌ನಿಂದ ಬೆಂಗಳೂರಿನವರು ಜಾಸ್ತಿ ಬಂದ್ರು ನೋಡಿ ಹೇಳಿ ಸರ್" ಅಂದರು. ನಾನು ಆ ಹಳೆಯ ರೀಲ್ ತೆರೆದು ನೋಡಿದರೆ ಲೈಕ್ ಇದೆ, ಕಾಮೆಂಟ್ ಇದೆ, ಎಷ್ಟು ಸಲ ನೋಡಿದ್ದಾರೆ ಅನ್ನುವ ಅಂಕಿ ಇದೆ. ಎಷ್ಟು ಜನರಿಗೆ ತಲುಪಿತು, ಅವರಲ್ಲಿ ಫಾಲೋ ಮಾಡದವರು ಎಷ್ಟು, ಎಷ್ಟು ಜನ ಸೇವ್ ಮಾಡಿಟ್ಟುಕೊಂಡರು, ಒಂದೂ ಇಲ್ಲ.

ಆವತ್ತು ನಾವಿಬ್ಬರೂ ಕೂತು ಅವರ ಆರ್ಡರ್ ಪುಸ್ತಕ ಮತ್ತು ಹಳೆಯ ಮೆಸೇಜುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದೆವು. ಮೆಸೇಜ್ ಎಲ್ಲಿಗೂ ಹೋಗಿರಲಿಲ್ಲ. ಯಾರು ಯಾವ ರೀಲನ್ನು ಕಳಿಸಿ "ಇದೇ ಥರ ಬೇಕು" ಅಂದಿದ್ದರೋ ಅದನ್ನು ಎಣಿಸಿಕೊಂಡು ಹೋದೆವು. ಯಲಹಂಕದವರು ಇಷ್ಟು, ದೊಡ್ಡಬಳ್ಳಾಪುರದವರು ಇಷ್ಟು ಅಂತ ಒಂದು ಅಂದಾಜು ಸಿಕ್ಕಿತು. ಆದರೆ ಅದು ಕೊಂಡವರ ಲೆಕ್ಕ ಮಾತ್ರ. ನೋಡಿ ಸುಮ್ನೆ ಹೋದವರ ಲೆಕ್ಕ ಸಿಗಲಿಲ್ಲ. ಮುಂದಿನ ಹಬ್ಬಕ್ಕೆ ಏನು ಮಾಡಬೇಕು ಅಂತ ಹೇಳುವುದು ಆ ಲೆಕ್ಕವೇ.

ಪರ್ಸನಲ್ ಮಾಡಿದ ಗಳಿಗೆಯಲ್ಲಿ ಏನಾಗುತ್ತದೆ ಅಂದರೆ, ಇನ್‌ಸ್ಟಾಗ್ರಾಂ ಆ ಅಕೌಂಟಿನ ಇನ್‌ಸೈಟ್ಸ್ ಅಳಿಸುತ್ತದೆ. ಮತ್ತೆ ಪ್ರೊಫೆಷನಲ್ ಮಾಡಿದ ದಿನದಿಂದ ಹೊಸದಾಗಿ ಲೆಕ್ಕ ಶುರು. ಅಂದರೆ ಬದಲಾಯಿಸಿದ ಮೇಲೆ ಹಾಕಿದ ಪೋಸ್ಟುಗಳಿಗೆ ಮಾತ್ರ ಇನ್‌ಸೈಟ್ಸ್ ಬರುತ್ತದೆ. ನಡುವೆ ಪರ್ಸನಲ್ ಆಗಿದ್ದಾಗ ಹಾಕಿದ್ದಕ್ಕೂ ಬರುವುದಿಲ್ಲ. ನಿಮ್ಮ ವಿಷಯದಲ್ಲಿ ಹೇಳುವುದಾದರೆ ಬಾದಾಮಿ ಹಣ್ಣಿನ ರೀಲ್ ಎಷ್ಟು ಹೊಸ ಜನರಿಗೆ ಹೋಯಿತು, ಮಲ್ಲಿಕಾ ಬಾಕ್ಸ್ ತೋರಿಸಿದ್ದನ್ನು ಎಷ್ಟು ಜನ ಸೇವ್ ಮಾಡಿಕೊಂಡರು, ರಸಪುರಿ ಪೋಸ್ಟ್ ನೋಡಿ ಎಷ್ಟು ಜನ ನಿಮ್ಮ ಪ್ರೊಫೈಲಿಗೆ ಬಂದರು, ಇದೆಲ್ಲ ಹೋಗುತ್ತದೆ. ದಿನಾ ಮಾರುವ ಅಂಗಡಿಯವರಾದರೆ ಎರಡು ತಿಂಗಳಲ್ಲಿ ಹೊಸ ಲೆಕ್ಕ ಮಾಡಿಕೊಳ್ಳಬಹುದು. ನಿಮಗೆ ವರ್ಷಕ್ಕೆ ಒಂದೇ ಬೆಳೆ, ಒಂದೇ ಸೀಸನ್. ಈ ವರ್ಷದ ಲೆಕ್ಕ ಕಳೆದುಕೊಂಡರೆ ಮತ್ತೆ ಅಂಥದ್ದು ಸಿಗೋಕೆ ಮುಂದಿನ ಮೇ ತಿಂಗಳು ಬರಬೇಕು.

ಅದರ ಜೊತೆಗೆ ಇನ್ನೂ ಕೆಲವು ಹೋಗುತ್ತವೆ. ಪ್ರೊಫೈಲ್ ಕೆಳಗಿನ ಕರೆ ಮತ್ತು ಇಮೇಲ್ ಬಟನ್, ಹೆಸರಿನ ಕೆಳಗೆ ಕಾಣುವ ವ್ಯಾಪಾರದ ಬಗೆ, ಪೋಸ್ಟನ್ನು ದುಡ್ಡು ಕೊಟ್ಟು ಬೂಸ್ಟ್ ಮಾಡುವ ಸೌಲಭ್ಯ. ಮೆಸೇಜಿಗೆ ಮೊದಲೇ ಬರೆದಿಟ್ಟುಕೊಂಡ ಉತ್ತರಗಳು, ಅಂದರೆ "ಮೂರು ಕೆಜಿ ಬಾಕ್ಸಿಗೆ ಇಷ್ಟು, ಡೆಲಿವರಿ ಈ ದಿನ" ಅಂತ ಒಂದೇ ಒತ್ತಿಗೆ ಕಳಿಸುತ್ತೀರಲ್ಲ, ಅದೂ ಪ್ರೊಫೆಷನಲ್ ಅಕೌಂಟಿನ ಸವಲತ್ತೇ. ಅವನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಮುಂಚಿತವಾಗಿ ದಿನಾಂಕ ಹಾಕಿ ಪೋಸ್ಟ್ ಶೆಡ್ಯೂಲ್ ಮಾಡುವುದೂ ಹಾಗೇ. ಕಾಮೆಂಟ್ ಹಾಕಿದವರಿಗೆ ತಾನಾಗಿ ಮೆಸೇಜ್ ಹೋಗುವ ಬೇರೆ ಕಂಪನಿಯ ಟೂಲ್ ಏನಾದರೂ ಜೋಡಿಸಿದ್ದರೆ ಅದೂ ನಿಲ್ಲುತ್ತದೆ, ಯಾಕೆಂದರೆ ಅಂಥ ಟೂಲುಗಳಿಗೆ ಇನ್‌ಸ್ಟಾಗ್ರಾಂ ಬಾಗಿಲು ತೆರೆದಿರುವುದು ಪ್ರೊಫೆಷನಲ್ ಅಕೌಂಟಿಗೆ ಮಾತ್ರ. ಇವೆಲ್ಲ ಮತ್ತೆ ಜೋಡಿಸಿಕೊಳ್ಳಬಹುದಾದವು, ಒಂದು ದಿನದ ಕೆಲಸ. ಫಾಲೋವರ್ಸ್, ಪೋಸ್ಟ್, ಲೈಕ್, ಕಾಮೆಂಟ್, ಯೂಸರ್‌ನೇಮ್ ಇವಕ್ಕೆ ಏನೂ ಆಗುವುದಿಲ್ಲ, ಆ ಭಯ ಬೇಡ.

ಪ್ರೈವೇಟ್ ಮಾಡುವ ಯೋಚನೆಯಲ್ಲಿ ಇನ್ನೊಂದು ಸಿಕ್ಕು ಇದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪ್ರೊಫೆಷನಲ್ ಅಕೌಂಟನ್ನು ಪ್ರೈವೇಟ್ ಮಾಡೋಕೆ ಆಗುವುದಿಲ್ಲ, ಅದಕ್ಕೇ ನಿಮ್ಮ ತಮ್ಮ ಪರ್ಸನಲ್ ಅಂದಿದ್ದು, ಅಲ್ಲಿಯವರೆಗೆ ಸರಿ. ಪ್ರೈವೇಟ್ ಆಗಿರುವಾಗ ಬಂದ ಫಾಲೋ ರಿಕ್ವೆಸ್ಟುಗಳು ಬಾಗಿಲಲ್ಲಿ ಕಾಯುತ್ತಿರುತ್ತವೆ. ನಿಮಗೆ ಗುರುತಿಲ್ಲದವರದು, ಕಾಟ ಕೊಟ್ಟವರದು, ಎಲ್ಲ. ನೀವು ಒಪ್ಪದೆ ಹಾಗೇ ಬಿಟ್ಟಿರುತ್ತೀರಿ. ಮಾರ್ಚಿನಲ್ಲಿ ಮತ್ತೆ ಪ್ರೊಫೆಷನಲ್ ಮಾಡಿದ ತಕ್ಷಣ ಅಕೌಂಟ್ ಪಬ್ಲಿಕ್ ಆಗುತ್ತದೆ, ಕಾಯುತ್ತಿದ್ದ ರಿಕ್ವೆಸ್ಟುಗಳೆಲ್ಲ ತಾನಾಗಿ ಒಪ್ಪಿಗೆಯಾಗುತ್ತವೆ. ಆ ನಡುವೆ ಮನೆಯ ಹಬ್ಬದ ಫೋಟೋ, ಮಕ್ಕಳ ಫೋಟೋ ಹಾಕಿದ್ದರೆ ಅದೂ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ಅಕೌಂಟಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಮನೆಯವರ ಫೋಟೋ ಹಾಕೋಕೆ ಬೇರೆಯೇ ಒಂದು ಪರ್ಸನಲ್ ಅಕೌಂಟ್ ತೆರೆದು ಅದನ್ನು ಪ್ರೈವೇಟ್ ಇಟ್ಟುಕೊಳ್ಳಿ. ಒಂದೇ ಫೋನಿನಲ್ಲಿ ಎರಡೂ ಇಟ್ಟುಕೊಳ್ಳಬಹುದು. ತೋಟದ ಅಕೌಂಟು ತೋಟದ್ದೇ ಆಗಿರಲಿ.

ಈಗ ಫೋನಿನ ಕಾಟ. ನಿಮ್ಮ ನಂಬರ್ ಕಾಣುತ್ತಿರುವುದು ಪ್ರೊಫೈಲಿನ ಕರೆ ಬಟನ್‌ನಿಂದ. ಅದನ್ನು ಮರೆಮಾಡೋಕೆ ಅಕೌಂಟ್ ಬದಲಾಯಿಸಬೇಕಾಗಿಲ್ಲ. ಪ್ರೊಫೈಲಿಗೆ ಹೋಗಿ Edit profile ಒತ್ತಿ, ಕೆಳಗೆ ಬಂದರೆ Profile display ಅಂತ ಇರುತ್ತದೆ. ಅದರೊಳಗೆ Display contact info ಅನ್ನುವುದನ್ನು ಆಫ್ ಮಾಡಿ, ಉಳಿಸಿ. ನಂಬರ್ ಅಕೌಂಟಿನಲ್ಲೇ ಉಳಿಯುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ ಅಷ್ಟೇ. ಸೀಸನ್ ಬಂದಾಗ ಆನ್ ಮಾಡಿದರಾಯಿತು. ನಿಜವಾಗಿ ಮರೆಯಾಯಿತಾ ಅಂತ ನಿಮ್ಮ ಫೋನಿನಲ್ಲಿ ನೋಡಬೇಡಿ, ತಮ್ಮನ ಫೋನಿನಿಂದ ನಿಮ್ಮ ಪ್ರೊಫೈಲ್ ತೆರೆಸಿ ನೋಡಿ. ಬಯೋದಲ್ಲಿ ನಂಬರನ್ನು ಕೈಯಿಂದ ಟೈಪ್ ಮಾಡಿದ್ದರೆ, ಹಳೆಯ ಪೋಸ್ಟುಗಳ ಬರಹದಲ್ಲಿ ಹಾಕಿದ್ದರೆ, ಬಾಕ್ಸಿನ ಫೋಟೋದ ಮೇಲೆ ಅಚ್ಚಾಗಿದ್ದರೆ ಅದು ಈ ಬಟನ್‌ಗೆ ಸೇರಿಲ್ಲ, ನೀವೇ ತೆಗೆಯಬೇಕು. ಒಂದು ಸಲಹೆ, ಮುಂದಿನ ಸೀಸನ್‌ಗೆ ಆರ್ಡರಿಗೆ ಅಂತಲೇ ಬೇರೆ ಸಿಮ್ ಇಟ್ಟುಕೊಂಡರೆ ಒಳ್ಳೆಯದು. ಒಮ್ಮೆ ಹೊರಗೆ ಹೋದ ನಂಬರನ್ನು ಯಾವ ಸೆಟ್ಟಿಂಗಿನಿಂದಲೂ ವಾಪಸ್ ತರೋಕೆ ಆಗುವುದಿಲ್ಲ.

ಹಾಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಿಸಿನೆಸ್ ಅಕೌಂಟಿನಲ್ಲಿ ಸಿನಿಮಾ ಹಾಡು, ಹೆಸರಾಂತ ಗಾಯಕರ ಹಾಡು ಸಿಗದಿರುವುದು ಆಪ್‌ನ ದೋಷ ಅಲ್ಲ. ಆ ಹಾಡುಗಳಿಗೆ ಸಂಗೀತ ಕಂಪನಿಗಳ ಜೊತೆ ಮಾಡಿಕೊಂಡ ಒಪ್ಪಂದ ಜನರು ತಮ್ಮ ಖುಷಿಗೆ ಬಳಸುವುದಕ್ಕೆ, ವ್ಯಾಪಾರದ ಜಾಹೀರಾತಿಗೆ ಅಲ್ಲ. ಅದಕ್ಕೆ ಬಿಸಿನೆಸ್ ಅಕೌಂಟಿಗೆ ರಾಯಲ್ಟಿ ಇಲ್ಲದ ಸಂಗೀತದ ಬೇರೆ ಸಂಗ್ರಹ ಕೊಟ್ಟಿದ್ದಾರೆ. ಕ್ರಿಯೇಟರ್ ಅಕೌಂಟಿಗೆ ಹೋದರೆ ಹಾಡಿನ ದೊಡ್ಡ ಸಂಗ್ರಹ ತೆರೆದುಕೊಳ್ಳುತ್ತದೆ. ಆದರೆ ಹಾಡು ಪಟ್ಟಿಯಲ್ಲಿ ಕಂಡಿತು ಅಂದ ಮಾತ್ರಕ್ಕೆ ಅದನ್ನು ಹಣ್ಣು ಮಾರೋಕೆ ಬಳಸುವ ಹಕ್ಕು ಸಿಕ್ಕಿತು ಅಂತ ಅಲ್ಲ. ತೋಟದಲ್ಲಿ ಮಳೆ ಬಂದಿದ್ದು, ಹೂ ಬಿಟ್ಟಿದ್ದು ತೋರಿಸುವ ರೀಲಿಗೆ ಹಾಡು ಹಾಕುವುದು ಬೇರೆ, "ಮೂರು ಕೆಜಿ ಬಾಕ್ಸ್, ಈಗಲೇ ಬುಕ್ ಮಾಡಿ" ಅನ್ನುವ ರೀಲಿಗೆ ಹಾಕುವುದು ಬೇರೆ. ಇನ್ನೊಂದು ಅಂದರೆ ಅಂಥ ಹಾಡಿರುವ ರೀಲನ್ನು ಬೂಸ್ಟ್ ಮಾಡೋಕೆ ಬಿಡುವುದಿಲ್ಲ. ಸೀಸನ್ ಮೊದಲ ವಾರ ದುಡ್ಡು ಹಾಕಿ ಓಡಿಸಬೇಕು ಅಂದುಕೊಂಡ ರೀಲಿಗೇ ಸಿನಿಮಾ ಹಾಡು ಹಾಕಿಬಿಟ್ಟು, ಬಟನ್ ಒತ್ತಿದಾಗ ಆಗಲ್ಲ ಅಂತ ಬಂದು, ಹಾಡು ತೆಗೆದು ಮತ್ತೆ ಅಪ್‌ಲೋಡ್ ಮಾಡಿ ಮೊದಲಿನ ಲೈಕ್ ಕಾಮೆಂಟ್ ಎಲ್ಲ ಬಿಟ್ಟುಕೊಟ್ಟವರನ್ನು ನೋಡಿದ್ದೇನೆ.

ಬೇರೆ ಎಡಿಟಿಂಗ್ ಆಪ್‌ನಲ್ಲಿ ಹಾಡು ಸೇರಿಸಿ ಅಪ್‌ಲೋಡ್ ಮಾಡುವ ಉಪಾಯವನ್ನೂ ಯಾರಾದರೂ ಹೇಳಿಕೊಡುತ್ತಾರೆ. ಬೇಡ. ಹಾಡನ್ನು ಗುರುತಿಸಿ ಧ್ವನಿ ಕತ್ತರಿಸಬಹುದು, ವಿಡಿಯೋನೇ ತಡೆಯಬಹುದು. ಮಾರುವ ರೀಲಿಗೆ ನಿಮ್ಮದೇ ಧ್ವನಿ ಹಾಕಿ. ಬೇನಿಷಾ ಹಣ್ಣನ್ನು ಕೊಯ್ಯುವಾಗ ತೊಟ್ಟು ಎಷ್ಟುದ್ದ ಬಿಡುತ್ತೀರಿ, ಸೊನೆ ಹೇಗೆ ಇಳಿಸುತ್ತೀರಿ ಅಂತ ನೀವೇ ಮಾತಾಡಿದರೆ ಸಾಕು. ಆ ಧ್ವನಿ ನಿಮ್ಮದು, ಯಾವ ಬಗೆಯ ಅಕೌಂಟಿನಲ್ಲೂ ನಿಲ್ಲುತ್ತದೆ, ಬೂಸ್ಟ್ ಮಾಡೋಕೂ ಅಡ್ಡಿ ಇಲ್ಲ.

ಹಾಗಾದರೆ ಕ್ರಿಯೇಟರ್ ಮಾಡಬೇಕಾ ಬೇಡವಾ? ಸೀಸನ್ ಇಲ್ಲದ ಹೊತ್ತಿನಲ್ಲಿ ತೋಟದ ದಿನಚರಿ ಹಾಕುತ್ತಾ ಇರುತ್ತೀರಿ ಅನ್ನುವುದಾದರೆ ಮಾಡಿ, ನಷ್ಟ ಕಡಿಮೆ. ಇನ್‌ಸೈಟ್ಸ್, ಬೂಸ್ಟ್, ಶೆಡ್ಯೂಲ್ ಎಲ್ಲ ಕ್ರಿಯೇಟರ್‌ನಲ್ಲೂ ಇವೆ. ವಿಳಾಸ ತೋರಿಸಿ ದಾರಿ ಹೇಳುವ ಬಟನ್, ಬುಕ್ ಮಾಡುವ, ಆರ್ಡರ್ ಮಾಡುವ ಬಟನ್ ಇಂಥವು ಬಿಸಿನೆಸ್ ಕಡೆಗೆ ವಾಲಿವೆ. ಜನ ತೋಟಕ್ಕೇ ಕಾರಿನಲ್ಲಿ ಬಂದು ಹಣ್ಣು ಒಯ್ಯುತ್ತಾರೆ ಅಂದರೆ ಅದು ನಿಮಗೆ ಬೇಕಾಗುತ್ತದೆ. ಇಲ್ಲದಿದ್ದರೂ ಬಯೋದಲ್ಲಿ ಮ್ಯಾಪ್ ಲಿಂಕ್ ಹಾಕಬಹುದು, 2023ರಿಂದ ಐದು ಲಿಂಕ್ ತನಕ ಹಾಕೋಕೆ ಬಿಟ್ಟಿದ್ದಾರೆ, ಪರ್ಸನಲ್, ಕ್ರಿಯೇಟರ್ ಎಲ್ಲದಕ್ಕೂ ಅದು ಒಂದೇ. ನನ್ನ ಅಭಿಪ್ರಾಯ ಕೇಳಿದರೆ, ಈಗ ನೇರವಾಗಿ ಕ್ರಿಯೇಟರ್ ಮಾಡಿ, ಬರುವ ಸೀಸನ್ನಲ್ಲಿ ದಾರಿ ಬಟನ್ ಇಲ್ಲದ್ದು ತೊಂದರೆ ಅನ್ನಿಸಿದರೆ ನೇರವಾಗಿ ಬಿಸಿನೆಸ್‌ಗೆ ಬನ್ನಿ. ಪದೇ ಪದೇ ಆಚೆ ಈಚೆ ಮಾಡಬೇಡಿ, ಆಗ ಯಾವ ಏರಿಳಿತ ಯಾವುದರಿಂದ ಬಂತು ಅಂತ ನಿಮಗೇ ತಿಳಿಯುವುದಿಲ್ಲ.

ಬದಲಾಯಿಸುವ ಮುಂಚೆ ಮಾಡಲೇಬೇಕಾದ ಕೆಲಸ ಒಂದಿದೆ. ನೀವು ಅಕೌಂಟ್ ಬದಲಾಯಿಸದೇ ಇದ್ದರೂ ಇದನ್ನು ಮಾಡಿ. ಆಪ್‌ನೊಳಗೆ ಒಟ್ಟು ಅಕೌಂಟಿನ ಇನ್‌ಸೈಟ್ಸ್ ಹಿಂದಕ್ಕೆ ಕಾಣುವುದು 90 ದಿನ ಮಾತ್ರ. ಅಂದರೆ ಮೇ ತಿಂಗಳಲ್ಲಿ ನಿಮ್ಮನ್ನು ನೋಡಿದವರು ಯಾವ ಊರಿನವರು, ಯಾವ ವಯಸ್ಸಿನವರು ಅನ್ನುವುದನ್ನು ಸೆಪ್ಟೆಂಬರಿನಲ್ಲಿ ಆಪ್ ತೆರೆದು ನೋಡೋಣ ಅಂದರೆ ಸಿಗುವುದಿಲ್ಲ. ಬಟನ್ ಒತ್ತದಿದ್ದರೂ ಆ ಲೆಕ್ಕ ದಿನಾ ಹಿಂದಕ್ಕೆ ಸರಿಯುತ್ತಾ ಇರುತ್ತದೆ. ಒಂದೊಂದು ಪೋಸ್ಟಿನ ಸ್ವಂತ ಇನ್‌ಸೈಟ್ಸ್ ಆ ಪೋಸ್ಟಿನ ಜೊತೆ ಇರುತ್ತದೆ, ಊರಿನ ಪಟ್ಟಿಯೇ ಮೊದಲು ಜಾರುವುದು. ಮಾವಿನವರಿಗೆ ಅದೇ ಮುಖ್ಯ, ಯಾಕೆಂದರೆ ಡೆಲಿವರಿ ಗಾಡಿ ಯಾವ ಕಡೆ ಕಳಿಸಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ಅದಕ್ಕೆ ಇವತ್ತೇ ಕೂತುಕೊಳ್ಳಿ. Professional dashboard ತೆರೆದು ಅವಧಿಯನ್ನು 90 ದಿನಕ್ಕೆ ಇಡಿ. ವೀಕ್ಷಣೆ, ಫಾಲೋವರ್ಸ್, ಊರು, ವಯಸ್ಸು, ಯಾವ ಹೊತ್ತಿನಲ್ಲಿ ಜನ ಜಾಸ್ತಿ ಇರುತ್ತಾರೆ, ಇಷ್ಟು ಪುಟಗಳ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಚೆನ್ನಾಗಿ ಹೋದ ಹತ್ತು ಪೋಸ್ಟ್ ಆರಿಸಿ, ಪ್ರತಿಯೊಂದರ View insights ತೆರೆದು ನೋಟ್‌ಬುಕ್ಕಿನಲ್ಲಿ ನಾಲ್ಕೇ ಕಾಲಂ ಬರೆಯಿರಿ: ಯಾವ ಹಣ್ಣು, ಎಷ್ಟು ಜನರಿಗೆ ತಲುಪಿತು, ಅದರಲ್ಲಿ ಫಾಲೋ ಮಾಡದವರು ಎಷ್ಟು, ಎಷ್ಟು ಸೇವ್. ಲೈಕ್ ಬರೆಯಬೇಕಾಗಿಲ್ಲ, ಅದು ಪೋಸ್ಟಿನ ಮೇಲೇ ಇರುತ್ತದೆ. ಇದಕ್ಕೆ ಒಂದು ಗಂಟೆ ಸಾಕು.

ಜೊತೆಗೆ ಇನ್‌ಸ್ಟಾಗ್ರಾಂನಿಂದಲೇ ನಿಮ್ಮ ಮಾಹಿತಿಯ ಪ್ರತಿ ತರಿಸಿಕೊಳ್ಳಿ. Accounts Center ಒಳಗೆ Your information and permissions ಅಂತ ಇದೆ, ಅಲ್ಲಿ ಮಾಹಿತಿ ಡೌನ್‌ಲೋಡ್ ಮಾಡುವ ಆಯ್ಕೆ ಸಿಗುತ್ತದೆ. ಅವಧಿ ಕೇಳಿದಾಗ All time ಇಡಿ. ಫೈಲ್ ತಯಾರಾಗೋಕೆ ಸಮಯ ಹಿಡಿಯುತ್ತದೆ, ತಯಾರಾದ ಮೇಲೆ ತಿಳಿಸುತ್ತಾರೆ. ಆ ಲಿಂಕ್ ಕೆಲವೇ ದಿನ ಇರುತ್ತದೆ, ಬಂದ ತಕ್ಷಣ ಇಳಿಸಿಕೊಳ್ಳಿ. ಬಿಚ್ಚಿ ನೋಡಿದರೆ past_instagram_insights ಅನ್ನುವ ಫೋಲ್ಡರ್ ಇರುತ್ತದೆ. ಅದು ಇದೆಯಾ ಅಂತ ಕಣ್ಣಾರೆ ನೋಡಿಕೊಂಡ ಮೇಲೇ ಮುಂದಿನ ಹೆಜ್ಜೆ. ಅಕೌಂಟ್ ಪರ್ಸನಲ್ ಮಾಡಿದ ಮೇಲೆ ಇದನ್ನು ತರಿಸೋಣ ಅಂದುಕೊಂಡರೆ ತಡವಾಗಿರುತ್ತದೆ.

ಈಗ ಬದಲಾವಣೆ. ಓಡುತ್ತಿರುವ ಜಾಹೀರಾತು ಇದ್ದರೆ ಅದು ಮುಗಿಯಲಿ. ಶೆಡ್ಯೂಲ್ ಮಾಡಿದ ಪೋಸ್ಟ್ ಇದ್ದರೆ ಅದರ ಫೋಟೋ, ವಿಡಿಯೋ, ಬರಹ ಫೋನಿನಲ್ಲಿ ಬೇರೆ ಉಳಿಸಿಕೊಳ್ಳಿ. ಪ್ರೊಫೈಲಿನ ಮೇಲಿನ ಮೂರು ಗೆರೆ ಒತ್ತಿ ಸೆಟ್ಟಿಂಗಿಗೆ ಹೋಗಿ. ಬಿಸಿನೆಸ್ ಅಕೌಂಟಿನಲ್ಲಿ Business tools and controls ಅಂತ ಕಾಣುತ್ತದೆ, ಅದರ ಕೊನೆಯಲ್ಲಿ Switch account type ಇದೆ. ಒತ್ತಿದರೆ ಎರಡು ಆಯ್ಕೆ ಬರುತ್ತವೆ: Switch to personal account ಮತ್ತು Switch to creator account. ಎರಡೂ ಒಂದರ ಕೆಳಗೆ ಒಂದು ಅಂಟಿಕೊಂಡೇ ಇರುತ್ತವೆ, ಗಡಿಬಿಡಿಯಲ್ಲಿ ಬೆರಳು ಮೇಲಿನದಕ್ಕೆ ತಾಗುತ್ತದೆ. ನಿಧಾನವಾಗಿ creator ಅನ್ನುವ ಪದ ಓದಿಕೊಂಡು ಒತ್ತಿ. ಇನ್‌ಸೈಟ್ಸ್ ಹೋಗುತ್ತದೆ ಅನ್ನುವ ಎಚ್ಚರಿಕೆ ಏನಾದರೂ ಬಂದರೆ ನೀವು ತಪ್ಪು ಬಟನ್ ಮೇಲಿದ್ದೀರಿ, ಹಿಂದೆ ಬನ್ನಿ.

ಆದ ಮೇಲೆ ಮೇ ತಿಂಗಳ ಒಂದು ರೀಲ್ ತೆರೆದು View insights ಒತ್ತಿ. ತಲುಪಿದವರ ಅಂಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಕ್ಕೆ ಹೊಂದಿಕೆಯಾಗುತ್ತಾ ನೋಡಿ. ಆಮೇಲೆ ಹೊಸ ರೀಲ್ ಶುರು ಮಾಡಿ ಹಾಡು ಹುಡುಕಿ, ಪಟ್ಟಿ ದೊಡ್ಡದಾಗಿದೆಯಾ ಅಂತ ನೋಡಿ. ತಕ್ಷಣ ಬರದಿದ್ದರೆ ಆಪ್ ಮುಚ್ಚಿ ತೆರೆದು, ಒಂದು ದಿನ ಬಿಟ್ಟು ನೋಡಿ. ಕರೆ ಬಟನ್ ಮತ್ತೆ ಕಾಣಿಸಿಕೊಂಡಿದೆಯಾ ಅಂತ ತಮ್ಮನ ಫೋನಿನಿಂದ ಇನ್ನೊಂದು ಸಲ ಪರೀಕ್ಷೆ ಮಾಡಿ.

ಅಕಸ್ಮಾತ್ ನಿಮ್ಮ ತಮ್ಮ ಈಗಾಗಲೇ ಪರ್ಸನಲ್ ಮಾಡಿಬಿಟ್ಟಿದ್ದರೆ ಅವರ ಮೇಲೆ ರೇಗಬೇಡಿ. ಇವತ್ತೇ ವಾಪಸ್ ಪ್ರೊಫೆಷನಲ್ ಮಾಡಿ, ಯಾಕೆಂದರೆ ಹೊಸ ಲೆಕ್ಕ ಶುರುವಾಗುವುದು ಬದಲಾಯಿಸಿದ ದಿನದಿಂದ. ಮಾಡುವ ಮುಂಚೆ ಕಾಯುತ್ತಿರುವ ಫಾಲೋ ರಿಕ್ವೆಸ್ಟುಗಳಲ್ಲಿ ಬೇಡದವನ್ನು ತೆಗೆದುಹಾಕಿ. ಫಾಲೋವರ್ಸ್ ನೂರಕ್ಕಿಂತ ಜಾಸ್ತಿ ಇದ್ದರೆ ಅವರ ಊರಿನ ಪಟ್ಟಿ ಸ್ವಲ್ಪ ದಿನದಲ್ಲಿ ಮತ್ತೆ ಕಾಣುತ್ತದೆ, ಏಕೆಂದರೆ ಫಾಲೋವರ್ಸ್ ಎಲ್ಲೂ ಹೋಗಿಲ್ಲ. ಹಳೆಯ ಪೋಸ್ಟುಗಳ ಲೆಕ್ಕಕ್ಕೆ ಮಾತ್ರ ಚಿಕ್ಕಬಳ್ಳಾಪುರದ ಅಕ್ಕ ಮಾಡಿದ ಹಾಗೆ ಆರ್ಡರ್ ಪುಸ್ತಕ ಮತ್ತು ಮೆಸೇಜುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂರಬೇಕು. ಬಾಕ್ಸ್ ಹೋದ ಪಿನ್‌ಕೋಡುಗಳಿಂದ ಶುರು ಮಾಡಿ, ಅವು ನಿಮ್ಮ ಕೊರಿಯರ್ ರಸೀದಿಗಳಲ್ಲಿ ಇರುತ್ತವೆ.